ಆಷಾಢದ ಕಡಿತ ಎರಡು ಸಲ ಬಿದ್ದಾಗ

ಪ್ರಶ್ನೆ: ಮಲ್ಲೇಶ್ವರದಲ್ಲಿ ನಮ್ಮದೊಂದು ಸಣ್ಣ ಸೀರೆ ಅಂಗಡಿ. ಸ್ವಂತ ವೆಬ್‌ಸೈಟಲ್ಲೂ ಮಾರುತ್ತೇವೆ. ಈ ಆಷಾಢಕ್ಕೆ ಎಲ್ಲ ಸೀರೆಗೂ 20% ಕಡಿತ ಇಟ್ಟೆವು. ಹಳೇ ಗಿರಾಕಿಗಳಿಗೆ ಅದರ ಮೇಲೆ 10% ಕೂಪನ್ ಕಳಿಸಿದೆವು. 2,000 ರೂಪಾಯಿಯ ಕಾಟನ್ ಸೀರೆಗೆ 1,440 ಬರಬೇಕು. ಆರ್ಡರ್ ಸ್ಕ್ರೀನಲ್ಲಿ 1,152 ಬರುತ್ತಿದೆ. ಕೂಪನ್ ಹಾಕಿದ ಕೆಲವರಿಗೆ ಮಾತ್ರ ಸರಿಯಾಗಿ ಬಂದಿದೆ. ಸೈಟ್ ಮಾಡಿಕೊಟ್ಟ ಹುಡುಗ, ‘ಗಿರಾಕಿಗಳು ಕೂಪನ್ ಎರಡು ಸಲ ಒತ್ತಿದ್ದಾರೆ’ ಅಂತಾನೆ. ಹೌದಾ? ಆಗಲೇ ಬಂದಿರುವ ಆರ್ಡರ್‌ಗಳಿಗೆ ಏನು ಮಾಡೋದು?

ಉತ್ತರ: ಗಿರಾಕಿಗಳ ತಪ್ಪಿಲ್ಲ. ಅದನ್ನು ನೀವು ಬರೆದಿರುವ ಮೊತ್ತವೇ ಹೇಳುತ್ತಿದೆ. ಕೂಪನ್ ಎರಡು ಸಲ ಬಿದ್ದಿದ್ದರೆ 1,440ರಲ್ಲಿ ಇನ್ನೊಂದು 10% ಹೋಗಿ 1,296 ಬರಬೇಕಿತ್ತು. ನಿಮಗೆ ಬಂದಿರುವುದು 1,152. 2,000ಕ್ಕೆ 20% ಕಳೆದರೆ 1,600. ಅದಕ್ಕೆ ಮತ್ತೆ 20% ಕಳೆದರೆ 1,280. ಅದರ ಮೇಲೆ ಕೂಪನ್ನಿನ 10% ಕಳೆದರೆ ಸರಿಯಾಗಿ 1,152. ಅಂದರೆ ಕೂಪನ್ ಒಂದೇ ಸಲ ಬಿದ್ದಿದೆ. ಎರಡು ಸಲ ಬಿದ್ದಿರುವುದು ಆಷಾಢದ ಕಡಿತ.

ಇಂಥ ದೂರು ಬಂದಾಗ ನಾನು ಕೋಡ್ ತೆರೆಯುವ ಮೊದಲು ಒಂದು ಚೀಟಿಯ ಮೇಲೆ ಈ ಲೆಕ್ಕ ಹಾಕುತ್ತೇನೆ. ಯಾವ ಕಡಿತ ಎಷ್ಟು ಸಲ ಬಿದ್ದಿದೆ ಅನ್ನುವುದು ಮೊತ್ತದಲ್ಲೇ ಸಿಗುತ್ತದೆ. ಒಂದು ವೇಳೆ 1,400 ಬಂದಿದ್ದರೆ ಅದು ಎರಡು ಸಲ ಕಳೆದದ್ದಲ್ಲ. ಎರಡೂ ಕಡಿತವನ್ನು 2,000ದ ಮೇಲೆ ಬೇರೆ ಬೇರೆಯಾಗಿ ಲೆಕ್ಕ ಹಾಕಿ 400 ಮತ್ತು 200 ಕಳೆದದ್ದು. ಹಾಗೆ ಮಾಡಬೇಕೋ ಬೇಡವೋ ಅಂತ ತೀರ್ಮಾನಿಸಬೇಕಾದವರು ಅಂಗಡಿಯವರು.

1,040 ಬಂದಿದ್ದರೆ ಕಥೆಯೇ ಬೇರೆ. ಆಗ ಸ್ಕ್ರೀನಿನ ಮೇಲಿನ ಸಾಲಿನಲ್ಲಿ ಆಗಲೇ ಕಡಿತವಾದ 1,600 ಇರುತ್ತದೆ. ಕೆಳಗೆ ‘ಆಷಾಢ ಕಡಿತ 400, ಕೂಪನ್ 160’ ಅಂತ ತೋರಿಸಿ ಮತ್ತೆ ಕಳೆದಿರುತ್ತಾರೆ. ಅಂಥ ಕಡೆ ತಪ್ಪು ಬರೀ ತೋರಿಸುವುದರಲ್ಲಿರಬಹುದು. ಗಿರಾಕಿಯಿಂದ ಹೋದ ದುಡ್ಡು ಸರಿಯಾಗಿ 1,440 ಇರಬಹುದು. ಅದಕ್ಕೇ ನೀವು ಕೂಡ ಮೊದಲು ನಿಮ್ಮ ಪೇಮೆಂಟ್ ಗೇಟ್‌ವೇಯ ಪುಟದಲ್ಲಿ ಆ ಆರ್ಡರಿಗೆ ಜಮೆಯಾದ ಮೊತ್ತ ನೋಡಿ. ಅಲ್ಲೂ 1,152 ಇದ್ದರೆ ಪ್ರತಿ ಸೀರೆಗೆ 288 ರೂಪಾಯಿ ನಿಜವಾಗಿಯೂ ಕೈಬಿಟ್ಟಿದೆ.

ಈಗ ತಪ್ಪು ಹೇಗೆ ಆಗಿದೆ ಅನ್ನುವುದು. ಚಿಕ್ಕಪೇಟೆಯ ಒಂದು ಅಂಗಡಿಯಲ್ಲಿ ಇದೇ ತಪ್ಪನ್ನು ಕಣ್ಣಾರೆ ಕಂಡಿದ್ದೇನೆ, ಕಂಪ್ಯೂಟರ್ ಇಲ್ಲದೆಯೇ. ಸೀರೆ ತೋರಿಸುವ ಹುಡುಗ ಚೀಟಿಯಲ್ಲಿದ್ದ 2,000ಕ್ಕೆ ಗೀಟು ಹಾಕಿ ಪಕ್ಕದಲ್ಲಿ 1,600 ಅಂತ ಬರೆದ. ಗಲ್ಲಾದಲ್ಲಿದ್ದವರು ಚೀಟಿಯಲ್ಲಿ 1,600 ನೋಡಿದರು, ಗೋಡೆಯ ಮೇಲೆ ‘20% ಕಡಿತ’ ಅನ್ನುವ ಬೋರ್ಡ್ ನೋಡಿದರು, ಇನ್ನೊಂದು 320 ಕಳೆದರು. ಇಬ್ಬರೂ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಚೀಟಿಯ ಮೇಲಿನ ಬೆಲೆಯನ್ನು ತಿದ್ದಿದ್ದೇ ತಪ್ಪು.

ನಿಮ್ಮ ಸೈಟಲ್ಲೂ ಹೀಗೇ ಆಗುತ್ತಿರಬೇಕು. ಗಿರಾಕಿ ಸೀರೆಯನ್ನು ಕಾರ್ಟಿಗೆ ಹಾಕಿದ ಕೂಡಲೇ ಆಷಾಢದ ಕಡಿತ ಕಳೆದು ಕಾರ್ಟಿನ `price` ಜಾಗದಲ್ಲಿ 1,600 ಬರೆಯುತ್ತಿದೆ. ಕೂಪನ್ ಒತ್ತಿದಾಗ ಇಡೀ ಬಿಲ್ಲನ್ನು ಮತ್ತೆ ಲೆಕ್ಕ ಹಾಕುವ ಕೋಡ್ ಓಡುತ್ತದೆ. ಅದಕ್ಕೆ 1,600 ಅನ್ನುವುದು ಆಗಲೇ ಕಡಿತವಾದ ಬೆಲೆ ಅಂತ ಗೊತ್ತಿಲ್ಲ. ನಡೆಯುತ್ತಿರುವ ಆಫರ್‌ಗಳನ್ನೆಲ್ಲ ಅದರ ಮೇಲೆ ಮತ್ತೆ ಹಾಕುತ್ತದೆ. ಕೂಪನ್ ಹಾಕದವರಿಗೆ ಆ ಕೋಡ್ ಓಡುವುದೇ ಇಲ್ಲ, ಅವರಿಗೆ 1,600 ಸರಿಯಾಗಿ ಬರುತ್ತದೆ. ಆಫರ್ ಶುರುವಾದ ದಿನ ನೀವು ಪರೀಕ್ಷೆ ಮಾಡಿದಾಗ ಇದು ಕಣ್ಣಿಗೆ ಬಿದ್ದಿರಲಾರದು.

ಹಾಗಾದರೆ ಕೂಪನ್ ಹಾಕಿದ ಕೆಲವರಿಗೆ ಸರಿಯಾಗಿ 1,440 ಬಂದದ್ದು ಹೇಗೆ? ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗವಾದ ಮಾತು ಅದೇ. ಅವರು ಆಫರ್ ಶುರುವಾಗುವ ಮೊದಲೇ ಸೀರೆಯನ್ನು ಕಾರ್ಟಿಗೆ ಹಾಕಿ, ಬೆಲೆ ಇಳಿಯಲಿ ಅಂತ ಕಾದವರಾಗಿರಬಹುದು. ಆಷಾಢಕ್ಕೆ ಕಾಯುವವರು ನಮ್ಮೂರಲ್ಲಿ ಕಮ್ಮಿ ಇಲ್ಲವಲ್ಲ. ಅವರ ಕಾರ್ಟಲ್ಲಿ 2,000 ಹಾಗೇ ಉಳಿದಿತ್ತು. ಕೂಪನ್ ಒತ್ತಿದಾಗ ಎರಡೂ ಕಡಿತ ಒಂದೊಂದೇ ಸಲ ಬಿತ್ತು. ಸರಿಯಾಗಿ ಬಂದ ಎರಡು ಮೂರು ಆರ್ಡರ್ ತೆಗೆದು, ಸೀರೆ ಕಾರ್ಟಿಗೆ ಸೇರಿದ ದಿನಾಂಕ ನೋಡಲು ಆ ಹುಡುಗನಿಗೆ ಹೇಳಿ. ಎಲ್ಲವೂ ಆಫರಿಗೆ ಮುಂಚಿನವಾಗಿದ್ದರೆ ಕಾರಣ ಇದೇ ಅಂತ ಖಾತ್ರಿ ಮಾಡಿಕೊಳ್ಳಬಹುದು.

ಇನ್ನೊಂದನ್ನು ನೀವೇ ನೋಡಬಹುದು. ಒಂದು ಸೀರೆ ಕಾರ್ಟಿಗೆ ಹಾಕಿ, ಕೂಪನ್ ಹಾಕಿ. 1,152 ಬಂದ ಮೇಲೆ ಸಂಖ್ಯೆಯನ್ನು ಎರಡು ಮಾಡಿ, ಮತ್ತೆ ಒಂದಕ್ಕೆ ತನ್ನಿ. ಮೊತ್ತ 1,152ರಲ್ಲೇ ನಿಂತರೆ ಬೆಲೆ ಒಂದು ಸಲ ಮಾತ್ರ ತಿದ್ದಲ್ಪಟ್ಟಿದೆ. ಪ್ರತಿ ಸಲ ಇನ್ನೂ ಇಳಿಯುತ್ತಾ ಹೋದರೆ, ಲೆಕ್ಕ ಹಾಕುವ ಕೋಡ್ ತನ್ನ ಉತ್ತರವನ್ನೂ ಅದೇ `price` ಜಾಗಕ್ಕೆ ಬರೆಯುತ್ತಿದೆ. ಅದು ಅಪಾಯ. ನಾಲ್ಕು ಸಲ ಪ್ಲಸ್ ಮೈನಸ್ ಒತ್ತಿದವರಿಗೆ ಸೀರೆ ಸುಮ್ನೆ ಕೊಟ್ಟ ಹಾಗೆ ಆಗುತ್ತದೆ.

ತಿದ್ದುವವರೆಗೆ ಕೂಪನ್ ನಿಲ್ಲಿಸಿ, ಆಫರ್ ಮುಂದುವರಿಸಿ. ಆಫರ್ ಶುರುವಾದ ಮೇಲೆ ಕಾರ್ಟಿಗೆ ಹಾಕಿದ ಸೀರೆಗೆ, ಕೂಪನ್ ಇಲ್ಲದಾಗ ಮೊತ್ತ ಸರಿಯಾಗಿಯೇ ಬರುತ್ತಿದೆಯಲ್ಲ. ಹಳೇ ಗಿರಾಕಿಗಳಿಗೆ ಒಂದು ಮೆಸೇಜ್ ಕಳಿಸಿ, ಕೂಪನ್ ಕೆಲವು ದಿನ ನಡೆಯುವುದಿಲ್ಲ, ಅದಕ್ಕೆ ತಕ್ಕಂತೆ ಕೊನೆಯ ದಿನವನ್ನು ಮುಂದೆ ಹಾಕಿದ್ದೇವೆ ಅಂತ ತಿಳಿಸಿ. ಕೂಪನ್ನಿನ ಶೇಕಡಾವನ್ನು ಇಳಿಸಿ ಸರಿದೂಗಿಸಲು ಮಾತ್ರ ಹೋಗಬೇಡಿ. ಕಾರ್ಟಲ್ಲಿ ಇನ್ನೂ 2,000 ಇರುವವರು ಆಗ ಜಾಸ್ತಿ ಕೊಡಬೇಕಾಗುತ್ತದೆ. ಅದು ಅನ್ಯಾಯ.

ಸರಿಯಾದ ಪರಿಹಾರ ಒಂದೇ. ಮೂಲ ಬೆಲೆಯನ್ನು ಯಾರೂ ಮುಟ್ಟಬಾರದು. ಲೆಕ್ಕ ಎಷ್ಟು ಸಲ ಹಾಕಿದರೂ ಅಲ್ಲಿಂದಲೇ ಶುರುವಾಗಬೇಕು. ಹಿಂದಿನ ಸಲದ ಉತ್ತರದಿಂದ ಶುರುವಾಗಬಾರದು. ನಿಮ್ಮ ಹುಡುಗನಿಗೆ ಇಷ್ಟು ತೋರಿಸಿ, ಅವರಿಗೆ ಅರ್ಥವಾಗುತ್ತದೆ:

```python
def bill(mrp, qty, season_pct, coupon_pct):
    base = mrp * qty
    season = base * season_pct // 100
    coupon = (base - season) * coupon_pct // 100
    return base, season, coupon, base - season - coupon
```

ಇಲ್ಲಿ `mrp` ಪೈಸೆಯಲ್ಲಿದೆ. 2,000 ರೂಪಾಯಿ ಅಂದರೆ 200000. ಪೂರ್ಣ ಸಂಖ್ಯೆಯಲ್ಲೇ ಲೆಕ್ಕ ನಡೆದರೆ ದಶಾಂಶದ ಕಿರಿಕಿರಿ ಇರುವುದಿಲ್ಲ. ಉತ್ತರ ನಾಲ್ಕು ಸಂಖ್ಯೆಗಳಲ್ಲಿ ಬರುತ್ತದೆ: 200000, 40000, 16000, 144000. ಮೂಲ ಬೆಲೆ, ಆಷಾಢದ ಕಡಿತ, ಕೂಪನ್ ಕಡಿತ, ಕೊಡಬೇಕಾದದ್ದು. ನಾಲ್ಕಕ್ಕೂ ಬೇರೆ ಬೇರೆ ಜಾಗ. ಸ್ಕ್ರೀನ್ ತಾನೇ ಏನನ್ನೂ ಕಳೆಯಬಾರದು, ಈ ನಾಲ್ಕನ್ನು ಹಾಗೇ ತೋರಿಸಿದರೆ ಸಾಕು. ಗೇಟ್‌ವೇಗೆ ಹೋಗುವ ಮೊತ್ತವೂ ಸರ್ವರಿನಲ್ಲಿ ನಡೆದ ಈ ಲೆಕ್ಕದಿಂದಲೇ ಹೋಗಬೇಕು, ಗಿರಾಕಿಯ ಬ್ರೌಸರಿನಿಂದ ಅಲ್ಲ.

ಯಾವ ಕಡಿತ ಮೊದಲು ಅನ್ನುವುದನ್ನೂ ಈಗಲೇ ತೀರ್ಮಾನಿಸಿಬಿಡಿ. ಎರಡೂ ಶೇಕಡಾ ಲೆಕ್ಕವಾದರೆ ಯಾವುದು ಮೊದಲು ಬಂದರೂ 1,440. ಮುಂದೆ ನೀವು 200 ರೂಪಾಯಿಯ ಕೂಪನ್ ಕೊಟ್ಟರೆ ಹಾಗಲ್ಲ. ಮೊದಲು 20% ಕಳೆದು ಆಮೇಲೆ 200 ಕಳೆದರೆ 1,400. ಮೊದಲು 200 ಕಳೆದರೆ 1,440. ನಾನಾಗಿದ್ದರೆ ಆಫರ್ ಮೊದಲು, ಕೂಪನ್ ಆಮೇಲೆ ಅಂತ ಇಡುತ್ತಿದ್ದೆ. 200ರ ಕೂಪನ್ ಹಿಡಿದು ಬಂದವರಿಗೆ ಪೂರ್ತಿ 200 ಸಿಕ್ಕಿತು ಅನ್ನಿಸಬೇಕು, ಅಲ್ವಾ?

ಕೋಡ್ ತಿದ್ದಿದ ಮೇಲೂ ಎಡವುವ ಒಂದು ಜಾಗವಿದೆ. ಹಳೇ ಕಾರ್ಟ್‌ಗಳಲ್ಲಿ 1,600 ಹಾಗೇ ಕೂತಿರುತ್ತದೆ. ಹೊಸ ಕೋಡ್ ಮೂಲ ಬೆಲೆಯನ್ನು ಕಾರ್ಟಿನಿಂದ ಓದಿದರೆ ಅವರಿಗೆ ಮತ್ತೆ 1,152 ಬರುತ್ತದೆ. ‘ತಿದ್ದಿದ್ದೀನಿ, ಆದರೂ ಬರ್ತಿದೆ’ ಅಂತ ರಾತ್ರಿಯೆಲ್ಲ ಒದ್ದಾಡುವುದು ಇಲ್ಲೇ. ಬೆಲೆಯನ್ನು ಸೀರೆಗಳ ಪಟ್ಟಿಯಿಂದಲೇ ಓದಿಸಿ. ಕಾರ್ಟಲ್ಲಿ ಯಾವ ಸೀರೆ, ಎಷ್ಟು ಅನ್ನುವುದಿದ್ದರೆ ಸಾಕು. ದುಡ್ಡು ಬಂದು ಆರ್ಡರ್ ಖಾತ್ರಿಯಾದ ಮೇಲೆ ಮಾತ್ರ ಆ ನಾಲ್ಕು ಸಂಖ್ಯೆಗಳನ್ನು ಆರ್ಡರಿನಲ್ಲಿ ಬರೆದಿಡಿ, ಮುಂದೆಂದೂ ಅದನ್ನು ಮತ್ತೆ ಲೆಕ್ಕ ಹಾಕಬೇಡಿ. ಇಲ್ಲದಿದ್ದರೆ ಶ್ರಾವಣದಲ್ಲಿ ಆಫರ್ ತೆಗೆದ ದಿನ ಆಷಾಢದ ಆರ್ಡರ್‌ಗಳ ಮೊತ್ತವೂ ಬದಲಾಗಿ ಕಾಣುತ್ತದೆ.

ಕೂಪನ್ ಮತ್ತೆ ತೆರೆಯುವ ಮೊದಲು ನೀವೇ ಕೂತು ಪರೀಕ್ಷೆ ಮಾಡಿ. ಕೂಪನ್ ಮೂರು ಸಲ ಒತ್ತಿ, 1,440 ಬಿಟ್ಟು ಬೇರೆ ಬರಬಾರದು. ಕೂಪನ್ ತೆಗೆಯಿರಿ, 1,600ಕ್ಕೆ ಹೋಗಬೇಕು. ಎರಡು ಸೀರೆ ಮಾಡಿ ಮತ್ತೆ ಹಾಕಿ, 2,880 ಬರಬೇಕು. ಆಮೇಲೆ, ತಿದ್ದುವ ಮೊದಲೇ ತುಂಬಿಸಿಟ್ಟ ಒಂದು ಕಾರ್ಟನ್ನೂ ತೆರೆದು ನೋಡಿ.

ಇನ್ನು ಆಗಲೇ 1,152 ಕೊಟ್ಟವರು. ಸ್ಕ್ರೀನಲ್ಲಿ ನೀವೇ ತೋರಿಸಿದ ಬೆಲೆಯನ್ನು ಅವರು ಕೊಟ್ಟಿದ್ದಾರೆ. ಉಳಿದ 288 ಕೇಳಿ ಫೋನ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಸೀರೆ ಕಳಿಸಿಬಿಡಿ. ಆದರೆ ಬಿಲ್ಲಲ್ಲಿ 1,440 ಅಂತ ಹಾಕಬೇಡಿ. ಮಾರುವಾಗಲೇ ಕೊಟ್ಟ ರಿಯಾಯಿತಿಯನ್ನು ಜಿಎಸ್‌ಟಿ ಲೆಕ್ಕದಿಂದ ಕಳೆಯಲು ಕೇಂದ್ರ ಜಿಎಸ್‌ಟಿ ಕಾಯ್ದೆಯ 15(3) ಸೆಕ್ಷನ್ ಬಿಡುತ್ತದೆ. ಆದರೆ ಆ ರಿಯಾಯಿತಿ ಬಿಲ್ಲಿನಲ್ಲಿ ಬರೆದಿರಬೇಕು. ಹಾಗಾಗಿ ಆ ಬಿಲ್ಲುಗಳಲ್ಲಿ ಬೆಲೆ 2,000, ಒಟ್ಟು ರಿಯಾಯಿತಿ 848, ಪಡೆದದ್ದು 1,152 ಅಂತ ಇರಲಿ. ನಿಮ್ಮ ಬೆಲೆಯಲ್ಲೇ 5% ಜಿಎಸ್‌ಟಿ ಸೇರಿದ್ದರೆ 1,152ರಲ್ಲಿ ತೆರಿಗೆ 54.86 ರೂಪಾಯಿ ಆಗುತ್ತದೆ. 1,440ರ ಲೆಕ್ಕದಲ್ಲಿ ಅದು 68.57. ಆಗಲೇ 1,440ಕ್ಕೆ ಬಿಲ್ ಹೋಗಿದ್ದರೆ ಅಂಥವುಗಳ ಪಟ್ಟಿ ಮಾಡಿ, ಆ ತಿಂಗಳ ರಿಟರ್ನ್ ಹಾಕುವ ಮೊದಲೇ ನಿಮ್ಮ ಆಡಿಟರ್ ಕೈಗೆ ಕೊಡಿ.