ಚೆನ್ನಾಗಿರುವ ಕೈಯನ್ನು ಕಟ್ಟುವುದೇಕೆ?

ಪ್ರಶ್ನೆ: ಐದು ತಿಂಗಳ ಹಿಂದೆ ನಮ್ಮ ತಂದೆಯವರಿಗೆ ಪಾರ್ಶ್ವವಾಯು ಆಯಿತು. ಬಲಗೈ ಬೆರಳುಗಳು ಸ್ವಲ್ಪ ಆಡುತ್ತವೆ, ಆದರೆ ಎಲ್ಲದಕ್ಕೂ ಎಡಗೈಯನ್ನೇ ಬಳಸುತ್ತಾರೆ. ಫಿಸಿಯೋಥೆರಪಿಸ್ಟ್ ಈಗ ಎಡಗೈಗೇ, ಅದನ್ನು ಬಳಸಲಾಗದಂತೆ, ಚೀಲದಂಥ ಕೈಗವಸು ತೊಡಿಸಬೇಕು ಎನ್ನುತ್ತಾರೆ. ಇದರಿಂದ ಸತ್ತ ಮೆದುಳು ಬದುಕುತ್ತದೆಯೇ?
— ಓದುಗರೊಬ್ಬರು

ಉತ್ತರ: ಮಾನ್ಯರೇ, ಸತ್ತ ನರಕೋಶಗಳು ಮರಳುವುದಿಲ್ಲ, ಬದಲಾಗುವುದು ಅವುಗಳ ಸುತ್ತ ಉಳಿದಿರುವ ಭಾಗ. ಅಮೆರಿಕದ ವಿಜ್ಞಾನಿ ರ‍್ಯಾಂಡಲ್ಫ್ ನುಡೋ ಮತ್ತು ಸಂಗಡಿಗರು ಸಣ್ಣ ಕೋತಿಗಳ ಮೆದುಳಿನಲ್ಲಿ ಕೈಯನ್ನು ಆಡಿಸುವ ಜಾಗದ ಒಂದಂಶಕ್ಕೆ ಹಾನಿಮಾಡಿ ನೋಡಿದ್ದರು. ಸುಮ್ಮನೆ ಬಿಟ್ಟ ಕೋತಿಗಳಲ್ಲಿ ಹಾನಿಯಾಗದೆ ಉಳಿದಿದ್ದ ಕೈಯ ಜಾಗವೂ ಕುಗ್ಗಿತು. ಆದರೆ ಸಣ್ಣ ಗುಳಿಗಳಿಂದ ಆಹಾರವನ್ನು ಬೆರಳಲ್ಲೇ ಹೆಕ್ಕಿ ತೆಗೆಯುವ ಅಭ್ಯಾಸ ಮಾಡಿಸಿದವುಗಳಲ್ಲಿ ಆ ಜಾಗ ಉಳಿಯಿತು. ಕೆಲವುಗಳಲ್ಲಿ ಮೊಣಕೈ, ಭುಜಗಳಿಗೆ ಸೇರಿದ್ದ ಪ್ರದೇಶಕ್ಕೂ ಹರಡಿತು. ಈ ವರದಿ 1996ರಲ್ಲಿ ಪ್ರಕಟವಾಯಿತು.

ತಂದೆಯವರು ಬಲಗೈಯನ್ನು ಬಳಸದಿರುವುದಕ್ಕೆ ಬಲಹೀನತೆಯೊಂದೇ ಕಾರಣವಲ್ಲ. ಮೊದಲ ವಾರಗಳಲ್ಲಿ ಬಲಗೈ ಚಾಚಿದಾಗೆಲ್ಲ ಲೋಟ ಉರುಳಿರುತ್ತದೆ, ಅನ್ನ ಚೆಲ್ಲಿರುತ್ತದೆ. ಎಡಗೈ ಚಾಚಿದರೆ ಕೆಲಸ ಆಗಿರುತ್ತದೆ. ಮುಂದೆ ಬಲಗೈಗೆ ಒಂದಿಷ್ಟು ಶಕ್ತಿ ಬಂದಾಗಲೂ ಅದನ್ನು ಬಳಸದಿರುವ ರೂಢಿ ಹಾಗೆಯೇ ಉಳಿಯುತ್ತದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೌಬ್ ಇದನ್ನು 'ಕಲಿತ ನಿರುಪಯೋಗ' ಎಂದು ವಿವರಿಸಿದರು. ಎಡಗೈಗೆ ತೊಡಿಸುವ ಚೀಲದ ಉದ್ದೇಶ ಈ ರೂಢಿಯನ್ನು ಮುರಿಯುವುದು.

ಆದರೆ ಬರೀ ಚೀಲದಿಂದ ಏನೂ ಆಗದು. 2006ರಲ್ಲಿ ಪ್ರಕಟವಾದ ಅಮೆರಿಕದ 'ಎಕ್ಸೈಟ್' ಪ್ರಯೋಗದಲ್ಲಿ ಪಾರ್ಶ್ವವಾಯುವಾಗಿ 3ರಿಂದ 9 ತಿಂಗಳಾಗಿದ್ದ 222 ಮಂದಿ ಇದ್ದರು. ಈ ಚಿಕಿತ್ಸೆ ಪಡೆದವರು ಎರಡು ವಾರ, ಎಚ್ಚರವಿರುವ ಹೊತ್ತಿನ ಬಹುಪಾಲು ಚೀಲ ತೊಟ್ಟು, ವಾರದ ದಿನಗಳಲ್ಲಿ ನಿತ್ಯ ಆರು ಗಂಟೆಯವರೆಗೆ ತರಬೇತಿ ಪಡೆದರು. ವರ್ಷದ ನಂತರವೂ ಅವರ ಕೈ, ಸಾಮಾನ್ಯ ಆರೈಕೆ ಪಡೆದವರ ಕೈಗಿಂತ ಉತ್ತಮವಾಗಿತ್ತು. ಅಲ್ಲಿ ಸೇರಲು ಮಣಿಕಟ್ಟು, ಹೆಬ್ಬೆರಳು ಮತ್ತು ಇನ್ನೆರಡು ಬೆರಳುಗಳನ್ನು ಕನಿಷ್ಠ 10 ಡಿಗ್ರಿಯಷ್ಟಾದರೂ ತಾವಾಗಿ ಬಿಡಿಸಬಲ್ಲವರಾಗಿರಬೇಕಿತ್ತು. ಮುಷ್ಟಿ ಬಿಡಿಸಲಾಗದವರಿಗೆ ಇದು ತಕ್ಕ ಚಿಕಿತ್ಸೆಯಲ್ಲ. ಮೊದಲು ಇದನ್ನೇ ಪರೀಕ್ಷಿಸಿಕೊಳ್ಳಿ.

ತರಬೇತಿ ಹೇಗಿರಬೇಕು ಎಂಬುದಕ್ಕೆ ಲೋಟವನ್ನೇ ತೆಗೆದುಕೊಳ್ಳೋಣ. ಖಾಲಿ ಸ್ಟೀಲ್ ಲೋಟವನ್ನು ಬಲಗೈಯಲ್ಲಿ ಹಿಡಿದು, ಒಂದು ಗೇಣು ಆಚೆ ಇಟ್ಟು, ಬೆರಳು ಬಿಡುವುದು. ಇದನ್ನು ಹತ್ತು ಸಲ ಮಾಡಲು ಹಿಡಿದ ಹೊತ್ತನ್ನು ಬರೆದಿಡುವುದು. ಹೊತ್ತು ಇಳಿದಾಗ ಮಾತ್ರ ದೂರ ಹೆಚ್ಚಿಸುವುದು, ಅನಂತರ ಕಾಲುಭಾಗ ನೀರು ತುಂಬುವುದು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಬೆನ್ನು ಮುಂದಕ್ಕೆ ಬಾಗಿ ಭುಜ ಮೇಲೇರಿ ಲೋಟ ಸರಿಯುತ್ತದೆ, ನೋಡುವವರಿಗೂ ಸಂತೋಷವಾಗುತ್ತದೆ, ಮೊಣಕೈ ಮಾತ್ರ ಚಾಚಿಕೊಂಡೇ ಇರುವುದಿಲ್ಲ. ಬೆನ್ನು ಕುರ್ಚಿಗೆ ಒರಗಿರುವಾಗಲೇ ಕೈ ಲೋಟಕ್ಕೆ ಎಟುಕುತ್ತದೆಯೇ ಎಂದು ಪಕ್ಕದಿಂದ ನೋಡಿ. ಎಟುಕದಿದ್ದರೆ ಲೋಟವನ್ನು ಹತ್ತಿರಕ್ಕೆ ತನ್ನಿ.

ಸ್ನಾನ, ಮೆಟ್ಟಿಲು, ಊರುಗೋಲು ಹಿಡಿದ ನಡಿಗೆ, ಬಿಸಿ ಪಾತ್ರೆ — ಇವುಗಳಲ್ಲಿ ಚೀಲ ಬೇಡ. ಭುಜ ನೋಯತೊಡಗಿದರೆ ಅಭ್ಯಾಸ ನಿಲ್ಲಿಸಿ ಚಿಕಿತ್ಸಕರಿಗೆ ತೋರಿಸಿ. ಫಲ ಸಿಕ್ಕಿತೇ ಎಂಬುದನ್ನು ಅಭ್ಯಾಸದ ಮೇಜಿನ ಮುಂದೆ ಅಳೆಯಬೇಡಿ. ಚೀಲ ತೆಗೆದಿರುವಾಗ, ಯಾರೂ ಹೇಳದೆ, ಬಾಗಿಲ ಚಿಲಕಕ್ಕೆ ಯಾವ ಕೈ ಮೊದಲು ಹೋಗುತ್ತದೆಂದು ಗಮನಿಸಿ.
— ಸಂಪಾದಕ