ನಡುರಾತ್ರಿಯ ಚೂಡಾ ಡಬ್ಬಿ, ನಾಲ್ಕೂವರೆ ತಾಸಿನ ನಿದ್ದೆ

ಹುಬ್ಬಳ್ಳ್ಯಾಗ ಬಟ್ಟೆ ಅಂಗಡ್ಯಾಗ ಕೆಲಸ ಮಾಡ್ತೀನ್ರಿ. ರಾತ್ರಿ ಒಂಬತ್ತೂವರೆಗೆ ಹೊಟ್ಟಿ ತುಂಬ ಊಟ ಆಗಿರ್ತದ. ಹನ್ನೆರಡರ ಸುಮಾರಿಗೆ ಮತ್ತ ಹಸಿವಾಗಿ ಚೂಡಾ, ಫೇಡೆ ಹುಡುಕ್ತೀನಿ. ಒಂದಕ್ಕ ಮಲಗಿ, ಬೊಜ್ಜು ಕರಗ್ಲಿ ಅಂತ ಐದೂವರೆಗೆ ಎದ್ದು ನೃಪತುಂಗ ಬೆಟ್ಟಕ್ಕ ವಾಕಿಂಗ್ ಹೋಗ್ತೀನಿ. ಆದ್ರೂ ತೂಕ ಏರಾಕತ್ತೇತಿ. ಹೊಟ್ಟ್ಯಾಗ ಜಂತುಹುಳ ಇರಬಹುದಾ? ಹಸಿವು ಸಾಯಿಸೋ ಪುಡಿ ತಗೊಳ್ಲ್ಯಾ?

ಜಂತುಹುಳಕ್ಕೂ ಇದಕ್ಕೂ ಸಂಬಂಧವಿಲ್ಲ. ಪುಡಿಯನ್ನಂತೂ ಮುಟ್ಟಲೇಬೇಡಿ. ಹೃದಯಕ್ಕೆ ಅಪಾಯವೆಂದು ಭಾರತದಲ್ಲಿ 2011ರಲ್ಲಿ ನಿಷೇಧವಾದ ಸಿಬುಟ್ರಮಿನ್ ಔಷಧಿಯನ್ನು ‘ಗಿಡಮೂಲಿಕೆ’ ಎಂದು ಮಾರುವ ಇಂಥ ಪುಡಿಗಳಲ್ಲಿ ಬೆರೆಸಿದ್ದು ಪತ್ತೆಯಾಗಿದೆ. ಇದನ್ನು ಎಷ್ಟು ಸಲ ಹೇಳಿದರೂ ಪುಡಿಯ ಪ್ರಶ್ನೆ ನಿಂತಿಲ್ಲ.

ನಿಮ್ಮ ತೊಂದರೆ ಇರುವುದು ನಿದ್ದೆಯಲ್ಲಿ. ಖಾಲಿ ಹೊಟ್ಟೆಯಿಂದ ಗ್ರೆಲಿನ್ ಎಂಬ ಹಾರ್ಮೋನು ಹೊರಟು ಮಿದುಳಿಗೆ ‘ಊಟ ಬೇಕು’ ಎನ್ನುತ್ತದೆ. ಮೈಕೊಬ್ಬಿನಿಂದ ಬರುವ ಲೆಪ್ಟಿನ್ ‘ದಾಸ್ತಾನು ಇದೆ, ಸಾಕು’ ಎನ್ನುತ್ತದೆ. ಶಿಕಾಗೋ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 12 ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ಬರೀ ನಾಲ್ಕು ತಾಸು ಮಲಗಲು ಬಿಟ್ಟರು. ಹತ್ತು ತಾಸು ಮಲಗಲು ಬಿಟ್ಟಾಗಿನದಕ್ಕೆ ಹೋಲಿಸಿದರೆ ಗ್ರೆಲಿನ್ ಶೇ 28 ಏರಿತ್ತು, ಲೆಪ್ಟಿನ್ ಶೇ 18 ಇಳಿದಿತ್ತು. ಅವರ ಆಸೆ ಹೆಚ್ಚಾಗಿ ಹೋದದ್ದು ಸಿಹಿ, ಉಪ್ಪಿನ ಕುರುಕಲು ಮತ್ತು ಹಿಟ್ಟಿನ ಪದಾರ್ಥಗಳ ಕಡೆಗೆ. ಆಮೇಲಿನ ಪ್ರಯೋಗಗಳಲ್ಲೆಲ್ಲ ಹಾರ್ಮೋನುಗಳು ಇಷ್ಟೇ ಅಲುಗಾಡಿದವು ಎಂದಿಲ್ಲ. ಆದರೆ ನಿದ್ದೆಗೆಟ್ಟವರು ಹೆಚ್ಚು ತಿನ್ನುತ್ತಾರೆ, ಅದೂ ರಾತ್ರಿಯೂಟದ ನಂತರ, ಎಂಬುದು ಮತ್ತೆ ಮತ್ತೆ ಕಂಡಿದೆ.

ನಿಮ್ಮದೇ ಲೆಕ್ಕ ಹಾಕೋಣ. ಎರಡು ಹಿಡಿ ಚೂಡಾ, ಎರಡು ಫೇಡೆ ಎಂದರೆ ಸುಮಾರು 450 ಕ್ಯಾಲರಿ. ಮುಕ್ಕಾಲು ತಾಸಿನ ವಾಕಿಂಗ್ ಕರಗಿಸುವುದು ಸುಮಾರು 150ರಿಂದ 200. ವಾಕಿಂಗಿಗೆಂದು ಬಿಟ್ಟ ನಿದ್ದೆಯೇ ರಾತ್ರಿ ಡಬ್ಬಿ ತೆಗೆಸುತ್ತಿದೆ.

ಇವತ್ತು ರಾತ್ರಿ ಡಬ್ಬಿಗೆ ಕೈ ಹಾಕುವ ಮುಂಚೆ ನಿಮ್ಮನ್ನೇ ಕೇಳಿಕೊಳ್ಳಿ: ತಣ್ಣಗಿನ ಜೋಳದ ರೊಟ್ಟಿ, ಮೊಸರು ಕೊಟ್ಟರೆ ತಿಂತೀನಾ? ತಿಂತೀನಿ ಅನ್ನಿಸಿದರೆ ಅದು ಹೊಟ್ಟೆಯ ಹಸಿವು, ಅರ್ಧ ರೊಟ್ಟಿ ತಿಂದು ಮಲಗಿ. ರೊಟ್ಟಿ ಬೇಡ, ಫೇಡೆಯೇ ಬೇಕು ಅನ್ನಿಸಿದರೆ ದೇಹ ಕೇಳುತ್ತಿರುವುದು ಹಾಸಿಗೆಯನ್ನು.

ನಾಳೆಯಿಂದ ಏಳುವ ಹೊತ್ತು ಆರೂವರೆ, ರವಿವಾರವೂ ಅಷ್ಟೇ. ವಾಕಿಂಗ್ ಅದರ ನಂತರ. ಇಷ್ಟಕ್ಕೇ ಒಂದು ತಾಸು ನಿದ್ದೆ ಉಳಿಯಿತು. ಮಲಗುವ ಹೊತ್ತನ್ನು ಒಮ್ಮೆಲೇ ಹಿಂದಕ್ಕೆ ತರಬೇಡಿ. ನಿದ್ದೆ ಬರದೆ ಹೊರಳಾಡಿ ಮತ್ತೆ ಅಡುಗೆಮನೆಗೇ ಹೋಗುತ್ತೀರಿ. ನಾಲ್ಕು ದಿನ ಹನ್ನೆರಡೂವರೆ, ಮುಂದಿನ ನಾಲ್ಕು ದಿನ ಹನ್ನೆರಡು, ಆಮೇಲೆ ಹನ್ನೊಂದೂವರೆ. ಅಲ್ಲಿಗೆ ಏಳು ತಾಸು. ಕೊನೆಯ ಚಹಾ ಸಂಜೆ ನಾಲ್ಕಕ್ಕೆ ಮುಗಿಯಲಿ. ಕೆಫೀನಿನಲ್ಲಿ ಅರ್ಧದಷ್ಟು ಮೈಯಿಂದ ಇಳಿಯಲು ಐದಾರು ತಾಸು ಬೇಕು, ಹೀಗಾಗಿ ಎಂಟಕ್ಕೆ ಅಂಗಡಿಯಲ್ಲಿ ಕುಡಿದದ್ದು ನಡುರಾತ್ರಿಯಲ್ಲೂ ಕೆಲಸ ಮಾಡುತ್ತಿರುತ್ತದೆ. ಎಂಟಕ್ಕೆ ಚಹಾದ ಬದಲು ಒಂದು ವಾಟಿ ಹೆಸರುಕಾಳಿನ ಉಸುಳಿ ತಿನ್ನಿ. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತುಕೊಳ್ಳಿ, ಮೊಬೈಲ್ ಇಲ್ಲದೆ.

ಮೊದಲ ವಾರ ಹಸಿವು ಹಾಗೆಯೇ ಬರಬಹುದು. ಬಹಳ ಮಂದಿ ನಾಲ್ಕನೇ ದಿನಕ್ಕೇ ‘ಏನೂ ಉಪಯೋಗ ಆಗ್ಲಿಲ್ಲ’ ಎಂದು ಬಿಡುತ್ತಾರೆ. ಎರಡು ವಾರ ಕೊಡಿ. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರೂವರೆ ತಾಸಿಗಿಂತ ಕಡಿಮೆ ಮಲಗುತ್ತಿದ್ದ, ತೂಕ ಹೆಚ್ಚಿದ್ದ 80 ಮಂದಿಯನ್ನು ಎರಡು ಗುಂಪು ಮಾಡಿದ್ದರು. ಪಥ್ಯ ಹೇಳದೆ ನಿದ್ದೆಯನ್ನಷ್ಟೇ ಎರಡು ವಾರ ತಾಸಿಗಿಂತ ತುಸು ಹೆಚ್ಚಿಸಿಕೊಂಡ ಗುಂಪಿನವರ ಆಹಾರ, ಮತ್ತೊಂದು ಗುಂಪಿನವರಿಗಿಂತ ದಿನಕ್ಕೆ ಸುಮಾರು 270 ಕ್ಯಾಲರಿ ಕಡಿಮೆಯಾಯಿತು.

ಏಳು ತಾಸು ಮಲಗಿಯೂ ಹಗಲೆಲ್ಲ ತೂಕಡಿಕೆ, ಜೋರು ಗೊರಕೆ, ಉಸಿರುಗಟ್ಟಿ ಎಚ್ಚರವಾಗುವುದು ಇದ್ದರೆ ಮನೆಮದ್ದು ನಂಬಿ ಕೂರಬೇಡಿ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಸ್ಲೀಪ್ ಆಪ್ನಿಯಾದ ಪರೀಕ್ಷೆ ಮಾಡಿಸಿ.

ಇನ್ನೊಬ್ಬರ ಪ್ರಶ್ನೆ: ನಂಗ ಸಕ್ಕರೆ ಕಾಯಿಲೆ ಅದ, ಗುಳಿಗಿ ತಗೋತೀನಿ. ರಾತ್ರಿ ಹಸಿವಿನ ಜೊತಿ ಬೆವರು, ಕೈ ನಡುಕ ಬರ್ತಾವ. ಇದೂ ನಿದ್ದಿ ಇಲ್ಲದ್ದಕ್ಕನ?

ಅಲ್ಲ, ಇದನ್ನು ಆ ಲೆಕ್ಕಕ್ಕೆ ಸೇರಿಸಬೇಡಿ. ಆ ಕ್ಷಣವೇ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ, ಮೀಟರ್ ಇಲ್ಲದಿದ್ದರೂ, ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕುಡಿದು ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಬೆಳಿಗ್ಗೆಯೇ ಗುಳಿಗೆಯ ಪ್ರಮಾಣದ ಬಗ್ಗೆ ವೈದ್ಯರನ್ನು ಕಾಣಿ.

ಗ್ರೆಲಿನ್ ರಕ್ತಪರೀಕ್ಷೆ ಎಲ್ಲಿ ಮಾಡ್ತಾರ್ರಿ?

ಬೇಡ. ಆ ಅಂಕಿಯಿಂದ ಚಿಕಿತ್ಸೆ ಬದಲಾಗುವುದಿಲ್ಲ.

ಮಲಗೂಮುಂದ ಒಂದು ಪೆಗ್ ಹಾಕಿದ್ರ ಲಗೂನ ನಿದ್ದಿ ಹತ್ತತದಲ್ಲ?

ಹತ್ತುತ್ತದೆ, ಅರ್ಧ ರಾತ್ರಿಗೆ ಒಡೆಯುತ್ತದೆ. ಗೊರಕೆಯನ್ನೂ ಹೆಚ್ಚಿಸುತ್ತದೆ.