ಚೀಟಿ ಎತ್ತಿದ್ದು 10 ಹಳ್ಳಿಗೆ, ಲೆಕ್ಕ ಹಾಕಿದ್ದು 770 ಜನಕ್ಕೆ

ಪ್ರಶ್ನೆ: ನಾನು ಪಿಜಿ ವಿದ್ಯಾರ್ಥಿನಿ. ಮುಳಬಾಗಿಲು ಕಡೆ 10 ಹಳ್ಳಿ ಆರಿಸಿದ್ದೇನೆ. ಚೀಟಿ ಎತ್ತಿ 5 ಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘದ ಮೂಲಕ ಕಬ್ಬಿಣದ ಮಾತ್ರೆ ಮತ್ತು ತಿಳಿವಳಿಕೆ, ಉಳಿದ 5ರಲ್ಲಿ ಎಂದಿನಂತೆ. ರಕ್ತಹೀನತೆ 50%ನಿಂದ 40%ಗೆ ಇಳಿಯುತ್ತದಾ ಅಂತ ನೋಡಬೇಕು. ಫಾರ್ಮುಲಾ ಪ್ರಕಾರ ಒಂದು ಗುಂಪಿಗೆ 385 ಜನ, ಹಾಗಾಗಿ ಹಳ್ಳಿಗೆ 77 ಮಹಿಳೆಯರು. ಪರಿಶೀಲಕರು ‘ಡಿಸೈನ್ ಎಫೆಕ್ಟ್ ಎಲ್ಲಿ, ಐಸಿಸಿ ಎಲ್ಲಿ’ ಅಂತ ವಾಪಸ್ ಕಳಿಸಿದ್ದಾರೆ. ರ‍್ಯಾಂಡಮೈಸ್ ಮಾಡಿದ ಮೇಲೆ ಇವೆಲ್ಲ ಯಾಕೆ ಬೇಕು?

ನಾನು ಚಿಂತಾಮಣಿಯವನು. ಹಳ್ಳಿಗಳಲ್ಲಿ ನಡೆಯುವ ಆರೋಗ್ಯ ಅಧ್ಯಯನಗಳ ಅಂಕಿಅಂಶ ನೋಡಿಕೊಳ್ಳುವುದು ನನ್ನ ಕೆಲಸ. ಪರಿಶೀಲಕರು ಕೇಳಿದ್ದು ಸರಿಯಾಗಿಯೇ ಇದೆ, ಮತ್ತು ಸರ್ವೆ ಶುರುವಾಗುವ ಮುಂಚೆ ಕೇಳಿದ್ದು ನಿಮ್ಮ ಪುಣ್ಯ.

ಐಸಿಸಿ ಅಂದರೆ ಒಂದೇ ಊರಿನವರು ಎಷ್ಟರ ಮಟ್ಟಿಗೆ ಒಂದೇ ಥರ ಇದ್ದಾರೆ ಅನ್ನುವುದರ ಅಳತೆ. ನೀರಿನಿಂದ ಶುರು ಮಾಡುತ್ತೇನೆ. ನಮ್ಮ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್ ಕಥೆ ನಿಮಗೆ ಗೊತ್ತೇ ಇದೆ. ಒಂದು ಊರಿಗೆ ಒಂದೇ ಬೋರ್‌ವೆಲ್, ಅದರ ನೀರು ಟ್ಯಾಂಕಿಗೆ ಏರಿ ಎಲ್ಲ ನಲ್ಲಿಗಳಿಗೂ ಹೋಗುತ್ತದೆ ಅಂದುಕೊಳ್ಳಿ. ನೀವು 77 ಮನೆಗೆ ಹೋಗಿ 77 ಬಾಟಲಿ ತುಂಬಿಸಿ ಲ್ಯಾಬಿಗೆ ಕೊಟ್ಟರೆ 77 ರಿಪೋರ್ಟ್ ಬರುತ್ತವೆ. ತಿಳಿದದ್ದು ಮಾತ್ರ ಒಂದೇ ಸಂಗತಿ: ಆ ಬೋರ್‌ವೆಲ್‌ನ ಫ್ಲೋರೈಡ್ ಎಷ್ಟು ಅಂತ. ಇಲ್ಲಿ ಐಸಿಸಿ 1. ಅದೇ ಹೆಂಗಸರಲ್ಲಿ ಎಡಗೈ ಬಳಸುವವರು ಎಷ್ಟು ಅಂತ ಎಣಿಸಿದರೆ, ಊರಿಗೂ ಅದಕ್ಕೂ ಹೆಚ್ಚುಕಡಿಮೆ ಸಂಬಂಧವೇ ಇಲ್ಲ. ಐಸಿಸಿ ಸೊನ್ನೆಯ ಹತ್ತಿರ. ಆಗ 77 ಜನ ನಿಜವಾಗಿಯೂ 77 ಜನ.

ರಕ್ತಹೀನತೆ ಇವೆರಡರ ನಡುವೆ ಬರುತ್ತದೆ. ಒಂದು ಊರಿನ ಹೆಂಗಸರಿಗೆ ಒಂದೇ ನ್ಯಾಯಬೆಲೆ ಅಂಗಡಿ, ಒಬ್ಬರೇ ಆಶಾ, ಒಂದೇ ಅಂಗನವಾಡಿ. ಒಂದೂರಲ್ಲಿ ಆಶಾ ಮನೆ ಬಾಗಿಲಲ್ಲಿ ನಿಂತು ಮಾತ್ರೆ ನುಂಗುವವರೆಗೂ ಹೋಗುವುದಿಲ್ಲ. ಪಕ್ಕದ ಊರಲ್ಲಿ ಆ ಹುದ್ದೆಯೇ ಖಾಲಿ. ಹಾಗಾಗಿ ಒಂದೇ ಊರಿನ ಇಬ್ಬರ ಹಿಮೋಗ್ಲೋಬಿನ್, ಬೇರೆ ಬೇರೆ ಊರಿನ ಇಬ್ಬರದ್ದಕ್ಕಿಂತ ಸ್ವಲ್ಪ ಹೆಚ್ಚು ಒಂದೇ ಥರ ಇರುತ್ತದೆ. ಒಟ್ಟು ವ್ಯತ್ಯಾಸದಲ್ಲಿ ಎಷ್ಟು ಪಾಲು ಊರೂರಿನ ನಡುವಿನದು ಅನ್ನುವುದೇ ಐಸಿಸಿ. ಲೆಕ್ಕಕ್ಕೆ 0.03 ಅಂತ ಇಟ್ಟುಕೊಳ್ಳೋಣ. ನೂರರಲ್ಲಿ ಮೂರು ಪಾಲು, ನೋಡೋಕೆ ಏನೂ ಅಲ್ಲ ಅನ್ನಿಸುತ್ತದೆ. ಅದನ್ನು ಹಳ್ಳಿಗೆ ಎಷ್ಟು ಜನರನ್ನು ಪರೀಕ್ಷಿಸುತ್ತೀರಿ ಅನ್ನುವ ಸಂಖ್ಯೆ ಗುಣಿಸುತ್ತದೆ ಅನ್ನುವುದನ್ನು ಮರೆಯುತ್ತೇವೆ:

```
DEFF = 1 + (m - 1) × ICC
     = 1 + (77 - 1) × 0.03
     = 3.28
```

DEFF ಅಂದರೆ ಡಿಸೈನ್ ಎಫೆಕ್ಟ್, ಬಿಡಿ ಜನರ ಬದಲು ಊರೂರನ್ನೇ ಆರಿಸಿದ್ದಕ್ಕೆ ಸ್ಯಾಂಪಲ್ ಎಷ್ಟು ಪಟ್ಟು ದೊಡ್ಡದಾಗಬೇಕು ಅನ್ನುವ ಅಂಕಿ. m ಅಂದರೆ ಒಂದು ಹಳ್ಳಿಯಲ್ಲಿ ನೀವು ಸೂಜಿ ಚುಚ್ಚುವವರ ಸಂಖ್ಯೆ. ನಿಮ್ಮ 385ನ್ನು 3.28ರಿಂದ ಭಾಗಿಸಿದರೆ 117. ಅಂದರೆ ಒಂದು ಗುಂಪಿನಲ್ಲಿ 385 ಬೆರಳಿಗೆ ಚುಚ್ಚಿ, 117 ಬಿಡಿ ವ್ಯಕ್ತಿಗಳಷ್ಟೇ ಮಾಹಿತಿ ಪಡೆಯುತ್ತೀರಿ. 80% ಪವರ್ ಅಂತ ಬರೆದ ಪ್ರೊಟೊಕಾಲ್‌ನ ನಿಜವಾದ ಪವರ್ ಸುಮಾರು 34%. ಮಾತ್ರೆ ನಿಜಕ್ಕೂ ಕೆಲಸ ಮಾಡಿದ್ದರೂ ಮೂರರಲ್ಲಿ ಎರಡು ಸಲ ನಿಮ್ಮ ಅಧ್ಯಯನ ಅದನ್ನು ಕಾಣುವುದಿಲ್ಲ.

ಈಗ ಬಹಳ ಜನ ಮಾಡುವ ಕೆಲಸ, 385ನ್ನು 3.28ರಿಂದ ಗುಣಿಸಿ ‘ಸರಿ, ಅದೇ 5 ಹಳ್ಳಿಯಲ್ಲಿ ಇನ್ನಷ್ಟು ಜನರನ್ನು ಸೇರಿಸುತ್ತೇನೆ’ ಅನ್ನುವುದು. ಇದು ನಡೆಯುವುದಿಲ್ಲ. ಹಳ್ಳಿಗೆ ಜನ ಹೆಚ್ಚಿಸಿದ ಹಾಗೆ m ಕೂಡ ಹೆಚ್ಚಾಗಿ ಡಿಸೈನ್ ಎಫೆಕ್ಟ್ ಹಿಂದೆಯೇ ಏರಿಕೊಂಡು ಬರುತ್ತದೆ. ಹಳ್ಳಿಗಳ ಸಂಖ್ಯೆಯನ್ನು ಐಸಿಸಿಯಿಂದ ಭಾಗಿಸಿದರೆ ಬರುವುದೇ ಗರಿಷ್ಠ ಮಿತಿ: 5 ÷ 0.03, ಅಂದರೆ 167. ಆ ಐದು ಊರಿನ ಪ್ರತಿ ಹೆಂಗಸಿನ ರಕ್ತ ಪರೀಕ್ಷಿಸಿದರೂ 167 ದಾಟಲ್ಲ, ನಿಮಗೆ ಬೇಕಾದದ್ದು 385. ಬೋರ್‌ವೆಲ್ ನೆನಪಿಸಿಕೊಳ್ಳಿ, ಬಾಟಲಿ ಹೆಚ್ಚಿಸಿದರೆ ಹೊಸ ನೀರು ಬರುವುದಿಲ್ಲ, ಬೇರೆ ಊರಿಗೇ ಹೋಗಬೇಕು.

ಎಷ್ಟು ಊರಿಗೆ ಅಂತ ನೋಡೋಣ. ಒಂದು ಗುಂಪಿಗೆ 12 ಹಳ್ಳಿಗಿಂತ ಕಡಿಮೆಯಾದರೆ ಗುರಿ ಮುಟ್ಟುವುದು ಅಸಾಧ್ಯ. ಸರಿಯಾಗಿ 12 ಇಟ್ಟರೆ ಹಳ್ಳಿಗೆ 830 ಮಹಿಳೆಯರು ಬೇಕು. ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಆ ವಯಸ್ಸಿನ ಅಷ್ಟು ಹೆಂಗಸರೇ ಸಿಗುವುದಿಲ್ಲ. 15 ಹಳ್ಳಿಯಾದರೆ ತಲಾ 109. 20 ಆದರೆ ತಲಾ 45. 25 ಆದರೆ 28 ಸಾಕು. ಗುಂಪಿಗೆ ಒಟ್ಟು ಜನ ಲೆಕ್ಕ ಹಾಕಿ: 15 ಹಳ್ಳಿಯಲ್ಲಿ 1635, 20ರಲ್ಲಿ 900, 25ರಲ್ಲಿ 700. ಹಳ್ಳಿ ಹೆಚ್ಚಾದಂತೆ ಸೂಜಿ ಕಡಿಮೆ, ಜೀಪಿನ ಖರ್ಚು ಜಾಸ್ತಿ. ನನ್ನ ಅನುಭವದಲ್ಲಿ ಮೊದಲ ಬಜೆಟ್ ಮಾಡುವವರು ಸೂಜಿ ಲೆಕ್ಕ ಬರೆಯುತ್ತಾರೆ, ಡೀಸೆಲ್ ಲೆಕ್ಕ ಮರೆಯುತ್ತಾರೆ. ಹಳ್ಳಿಗಳ ಗಾತ್ರ ಒಂದೇ ಸಮ ಇರದಿದ್ದರೆ ಡಿಸೈನ್ ಎಫೆಕ್ಟ್ ಇನ್ನೂ ಸ್ವಲ್ಪ ಏರುತ್ತದೆ. ಹಾಗಾಗಿ ಒಂದೆರಡು ಹಳ್ಳಿ ಮೇಲಿಟ್ಟುಕೊಳ್ಳಿ.

ಇನ್ನೊಂದು ಎಚ್ಚರಿಕೆ. ವಿಭಾಗದಲ್ಲಿ ಯಾರಾದರೂ ‘ಡಿಸೈನ್ ಎಫೆಕ್ಟ್ 2 ಅಂತ ಹಾಕಮ್ಮ, ಎಲ್ಲರೂ ಹಾಕ್ತಾರೆ’ ಅಂದೇ ಅನ್ನುತ್ತಾರೆ. ಆ 2 ಲಸಿಕೆ ವ್ಯಾಪ್ತಿಯ ಹಳೆಯ 30 ಕ್ಲಸ್ಟರ್ ಸಮೀಕ್ಷೆಯಿಂದ ಬಂದದ್ದು. ಅಲ್ಲಿ ಒಂದು ಕ್ಲಸ್ಟರ್‌ಗೆ 7 ಮಕ್ಕಳು ಮಾತ್ರ. 7 ಜನಕ್ಕೆ 2 ಬರಬೇಕಾದರೆ ಐಸಿಸಿ ಸುಮಾರು 0.17. ಅದೇ ಐಸಿಸಿ ನಿಮ್ಮ 77 ಜನಕ್ಕೆ ಹಾಕಿದರೆ ಡಿಸೈನ್ ಎಫೆಕ್ಟ್ 13 ದಾಟುತ್ತದೆ. ಡಿಸೈನ್ ಎಫೆಕ್ಟನ್ನು ಒಂದು ಅಧ್ಯಯನದಿಂದ ಇನ್ನೊಂದಕ್ಕೆ ಎತ್ತಿಕೊಂಡು ಬರಲಾಗದು. ತರಬೇಕಾದದ್ದು ಐಸಿಸಿಯನ್ನು, ಆಮೇಲೆ ನಿಮ್ಮ m ಹಾಕಿ ಲೆಕ್ಕ ಮಾಡಬೇಕು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ರ‍್ಯಾಂಡಮೈಸ್ ಮಾಡಿದ ಮೇಲೆ ಯಾಕೆ ಅನ್ನುವುದು. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ಡೇಟಾಕ್ಕೆ ನೇರವಾಗಿ ಕೈ-ಸ್ಕ್ವೇರ್ ಹಾಕಿ, ಪಿ ವ್ಯಾಲ್ಯೂ ಚಿಕ್ಕದಾಗಿ ಬಂತು ಅಂತ ಹಿರಿಯರೊಬ್ಬರಿಗೆ ತೋರಿಸಿದ್ದೆ. ಅವರು ಕಾಗದ ನೋಡಲೇ ಇಲ್ಲ. ‘ಡಬ್ಬದಲ್ಲಿ ಎಷ್ಟು ಚೀಟಿ ಇತ್ತಪ್ಪ?’ ಅಂತ ಕೇಳಿದರು. ಆ ಒಂದು ಪ್ರಶ್ನೆಯಲ್ಲಿ ಎಲ್ಲ ಇದೆ.

ಒಂದು ಉದಾಹರಣೆ ಕಟ್ಟೋಣ, ಅಂಕಿಗಳು ನಾನೇ ಇಟ್ಟವು. ಅಧ್ಯಯನ ಮುಗಿದಾಗ ಮಾತ್ರೆ ಕೊಟ್ಟ ಐದು ಊರುಗಳಲ್ಲಿ ರಕ್ತಹೀನತೆ 28, 35, 41, 44, 52 ಶೇಕಡಾ. ಸರಾಸರಿ 40. ಇನ್ನೈದು ಊರುಗಳಲ್ಲಿ 39, 46, 50, 54, 61. ಸರಾಸರಿ 50. ಊರನ್ನು ಮರೆತು 385 ಎದುರು 385 ಅಂತ ಕೈ-ಸ್ಕ್ವೇರ್ ಹಾಕಿದರೆ ಪಿ ವ್ಯಾಲ್ಯೂ 0.005. ಥೀಸಿಸ್ ಗೆದ್ದ ಹಾಗೆ ಕಾಣುತ್ತದೆ.

ಆದರೆ ಡಬ್ಬದಲ್ಲಿ ಇದ್ದದ್ದು 10 ಚೀಟಿ. ಹತ್ತರಲ್ಲಿ ಐದನ್ನು ಎತ್ತಲು ಇರುವ ದಾರಿ ಒಟ್ಟು 252. ಐದಕ್ಕೈದೂ ಒಳ್ಳೆಯ ಊರುಗಳು ಒಂದೇ ಕಡೆ ಬಿದ್ದರೂ, ಆಕಸ್ಮಿಕವಾಗಿ ಹಾಗಾಗುವ ಸಾಧ್ಯತೆ ಎರಡೂ ಕಡೆ ಸೇರಿ 252ರಲ್ಲಿ 2, ಅಂದರೆ 0.008. ಚೀಟಿ ಎತ್ತಿದ್ದನ್ನೇ ಆಧಾರ ಮಾಡಿಕೊಂಡ ಪರೀಕ್ಷೆಯಲ್ಲಿ ಅದಕ್ಕಿಂತ ಚಿಕ್ಕ ಪಿ ವ್ಯಾಲ್ಯೂ ಬರಲು ಸಾಧ್ಯವೇ ಇಲ್ಲ. ಕೈ-ಸ್ಕ್ವೇರ್ ಕೊಟ್ಟ 0.005 ಅದಕ್ಕೂ ಕೆಳಗಿದೆ. ಅಷ್ಟು ಗಟ್ಟಿ ಸಾಕ್ಷಿ ಹತ್ತು ಚೀಟಿಯಲ್ಲಿ ಇರಲೇ ಇಲ್ಲ, ಜನರನ್ನು ಬಿಡಿಬಿಡಿಯಾಗಿ ಎಣಿಸಿದ್ದರಿಂದ ಹುಟ್ಟಿಕೊಂಡದ್ದು ಅದು. ಗುಂಪಿಗೆ ಮೂರೇ ಹಳ್ಳಿಯಾದರೆ ದಾರಿಗಳು 20 ಮಾತ್ರ, ಪಿ ವ್ಯಾಲ್ಯೂ 0.1ಕ್ಕಿಂತ ಕೆಳಗೆ ಹೋಗುವುದೇ ಇಲ್ಲ.

ಸರಿಯಾದ ದಾರಿ ಸರಳವಾಗಿದೆ. ಪ್ರತಿ ಊರಿಗೆ ಒಂದು ಅಂಕಿ ಮಾಡಿ, ಐದು ಎದುರು ಐದು ಟಿ-ಟೆಸ್ಟ್ ಹಾಕಿ. ಆರ್‌ನಲ್ಲಿ ಎರಡೇ ಸಾಲು:

```r
g <- aggregate(anemia ~ village + arm, data = d, FUN = mean)
t.test(anemia ~ arm, data = g, var.equal = TRUE)
```

ಮೇಲಿನ ಅಂಕಿಗಳಿಗೆ t 1.82, ಪಿ ವ್ಯಾಲ್ಯೂ ಸುಮಾರು 0.11. ವ್ಯತ್ಯಾಸ ಅದೇ 10, ಆದರೆ ಅದರ 95% ಮಿತಿ ಮೈನಸ್ 2.7ರಿಂದ 22.7ರವರೆಗೆ. ಮಾತ್ರೆ ಕೆಲಸ ಮಾಡಿಲ್ಲ ಅಂತ ಇದರ ಅರ್ಥವಲ್ಲ, ಹತ್ತು ಊರು ಇಟ್ಟುಕೊಂಡು ಹೇಳಲಾಗದು ಅಂತ. ಸ್ಯಾಂಪಲ್ ಲೆಕ್ಕದಲ್ಲಿ ಐಸಿಸಿ ಬಿಟ್ಟರೆ ಇರುವ ಪರಿಣಾಮ ಕಾಣುವುದಿಲ್ಲ. ವಿಶ್ಲೇಷಣೆಯಲ್ಲಿ ಬಿಟ್ಟರೆ ಇಲ್ಲದ ಪರಿಣಾಮ ಕಾಣುತ್ತದೆ, ಇದು ಇನ್ನೂ ಕೆಟ್ಟದ್ದು. ಡಿಸೈನ್ ಎಫೆಕ್ಟ್ 3.28 ಇರುವಾಗ ಮಾಮೂಲಿ ಟೆಸ್ಟ್ ಹಾಕಿದರೆ, 5% ಅಂತ ನಾವು ನಂಬಿರುವ ಸುಳ್ಳು ಪಾಸಿಟಿವ್ ನಿಜಕ್ಕೂ ಸುಮಾರು 28%. ಏನೂ ಮಾಡದ ಮಾತ್ರೆಯೂ ನಾಲ್ಕು ಅಧ್ಯಯನದಲ್ಲಿ ಒಂದಕ್ಕಿಂತ ಹೆಚ್ಚು ಸಲ ‘ಸಿಗ್ನಿಫಿಕೆಂಟ್’ ಆಗುತ್ತದೆ.

ಒಂದೇ ಊರಿನವರ ಹೋಲಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮಿಕ್ಸ್ಡ್ ಮಾಡೆಲ್ ಅಥವಾ ಜಿಇಇ ಹಾಕಬಹುದಾ ಅಂತ ಮುಂದೆ ಕೇಳುತ್ತೀರಿ. ಹಾಕಬಹುದು, ವಯಸ್ಸು ಮುಂತಾದವನ್ನು ಸೇರಿಸಿಕೊಳ್ಳಲು ಅನುಕೂಲ. ಆದರೆ ಒಟ್ಟು ಕ್ಲಸ್ಟರ್ 40ಕ್ಕಿಂತ ಕಡಿಮೆ ಇದ್ದಾಗ ಜಿಇಇ ಕೊಡುವ ಸ್ಟ್ಯಾಂಡರ್ಡ್ ಎರರ್ ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಬರುತ್ತದೆ, ಸಣ್ಣ ಸ್ಯಾಂಪಲ್ ತಿದ್ದುಪಡಿ ಹಾಕಲೇಬೇಕು. ಹತ್ತು ಊರಿಗೆ ನಾನು ಟಿ-ಟೆಸ್ಟನ್ನೇ ನಂಬುತ್ತೇನೆ.

0.03 ಎಲ್ಲಿಂದ ತರಬೇಕು? ನಾಲ್ಕು ಊರಿನ ಪೈಲಟ್ ಮಾಡಿ ತರಬೇಡಿ, ಅಷ್ಟು ಕಡಿಮೆ ಊರಿಂದ ಬಂದ ಐಸಿಸಿ ಎತ್ತ ಬೇಕಾದರೂ ವಾಲುತ್ತದೆ. ಇದೇ ವಯಸ್ಸಿನವರ ಮೇಲೆ, ಇದೇ ಅಳತೆಯಲ್ಲಿ, ಹಳ್ಳಿಯನ್ನೇ ಕ್ಲಸ್ಟರ್ ಮಾಡಿಕೊಂಡ ಟ್ರಯಲ್‌ಗಳ ವರದಿಯಲ್ಲಿ ಹುಡುಕಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ, ಅಂದರೆ 2019-21ರ ಡೇಟಾ ಸಿಕ್ಕರೆ ಇನ್ನೂ ಒಳ್ಳೆಯದು. ಅಲ್ಲಿ ಮಹಿಳೆಯರ ಹಿಮೋಗ್ಲೋಬಿನ್ ಇದೆ, ಗ್ರಾಮೀಣ ಕ್ಲಸ್ಟರ್ ಅಂದರೆ ಸಾಮಾನ್ಯವಾಗಿ ಹಳ್ಳಿಯೇ. ಸಿಕ್ಕ ಒಂದೇ ಅಂಕಿಗೆ ಜೋತು ಬೀಳದೆ 0.01, 0.03, 0.05 ಮೂರಕ್ಕೂ ಲೆಕ್ಕ ಮಾಡಿ ಪರಿಶೀಲಕರಿಗೆ ತೋರಿಸಿ.

ಪಿಜಿಯ ಅವಧಿಯಲ್ಲಿ 40 ಹಳ್ಳಿ ಸುತ್ತಲು ಆಗಲ್ಲ ಅಂತಿದ್ದರೆ ಎರಡು ದಾರಿ ಹೇಳುತ್ತೇನೆ. ರಕ್ತಹೀನತೆ ಇದೆ, ಇಲ್ಲ ಅಂತ ಎರಡು ಭಾಗ ಮಾಡದೆ ಹಿಮೋಗ್ಲೋಬಿನ್ ಅಂಕಿಯನ್ನೇ ಫಲಿತಾಂಶ ಮಾಡಿಕೊಳ್ಳಿ. ಜೊತೆಗೆ ಶುರುವಿನಲ್ಲೂ ಅದೇ ಊರುಗಳಲ್ಲಿ ಅಳೆದು, ವಿಶ್ಲೇಷಣೆಯಲ್ಲಿ ಊರಿನ ಆರಂಭದ ಸರಾಸರಿಯನ್ನು ಸೇರಿಸಿ. ಊರೂರಿನ ವ್ಯತ್ಯಾಸದಲ್ಲಿ ಮೊದಲೇ ಇದ್ದ ಪಾಲು ಅಲ್ಲಿಗೆ ಕಳೆದುಹೋಗುತ್ತದೆ, ಬೇಕಾದ ಹಳ್ಳಿಗಳೂ ಕಡಿಮೆಯಾಗುತ್ತವೆ. ಅದಾದ ಮೇಲೂ ಹತ್ತೇ ಊರು ಸಾಲದೆ ಹೋದರೆ, ಪ್ರೊಟೊಕಾಲ್‌ನ ಶೀರ್ಷಿಕೆಯಲ್ಲೇ ‘ಕಾರ್ಯಸಾಧ್ಯತಾ ಅಧ್ಯಯನ’ ಅಂತ ಬರೆಯಿರಿ. ಎಷ್ಟು ಹೆಂಗಸರು ಮಾತ್ರೆ ತಗೊಂಡರು, ಎಷ್ಟು ಜನ ಬಿಟ್ಟರು ಅನ್ನುವುದನ್ನು ಸರಿಯಾಗಿ ದಾಖಲಿಸಿ. ನಿಮ್ಮ ಹತ್ತು ಊರಿನ ಐಸಿಸಿಯನ್ನು ಅದರ 95% ಮಿತಿಯ ಜೊತೆ ವರದಿಯಲ್ಲಿ ಕೊಡಿ, ಕೋಲಾರದಲ್ಲಿ ಮುಂದಿನ ಟ್ರಯಲ್ ಮಾಡುವವರು ಅದನ್ನೇ ಹುಡುಕುತ್ತಿರುತ್ತಾರೆ.